ಪ್ರಶ್ನೆ ಕೇಳದವರ ಬಗ್ಗೆ

ಪ್ರೀತಿಯ ಪುಟ್ಟಿ,

ನೆದರ್‌ಲ್ಯಾಂಡ್ಸಿನಲ್ಲಿ ಪಾಠ ಶುರು ಮಾಡಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಒಂದು ಸಾಲು ಮನಸ್ಸಿನಲ್ಲೇ ಉಳಿಯಿತು: "ಡಚ್ ಹುಡುಗರು ವಾದಕ್ಕೇ ಬರುತ್ತಾರೆ, ಮಲೇಷ್ಯಾ, ಚೀನಾದವರು ಬಾಯೇ ಬಿಡುವುದಿಲ್ಲ. ಓದಿಕೊಂಡು ಬರುವುದಿಲ್ಲ ಅನ್ನಿಸುತ್ತದೆ." ಹಾಗೆ ತೀರ್ಮಾನ ಮಾಡಬೇಡ. ನಾನೂ ಒಮ್ಮೆ ಹಾಗೇ ತಪ್ಪು ತಿಳಿದುಕೊಂಡಿದ್ದೆ.

ಆ ದಿನ ಬೋರ್ಡಿನ ಮೇಲೆ −2(x − 3) ಬಿಡಿಸುತ್ತಾ −2x − 6 ಅಂತ ಬರೆದುಬಿಟ್ಟೆ. ಇಡೀ ಕ್ಲಾಸು ಹಾಗೇ ಬರೆದುಕೊಂಡಿತು. ಒಬ್ಬಳು ಮಾತ್ರ ಎದ್ದು ನಿಂತು, "ಮಿಸ್, ಆ ಸಾಲು ಇನ್ನೊಂದು ಸಲ ಹೇಳ್ತೀರಾ, ನಂಗೆ ಅರ್ಥ ಆಗ್ಲಿಲ್ಲ" ಅಂದಳು. ನಾನು ಅದೇ ತಪ್ಪನ್ನು ಇನ್ನಷ್ಟು ನಿಧಾನವಾಗಿ ಹೇಳಿದೆ. ಅವಳು ತಲೆಯಾಡಿಸಿ ಕೂತಳು. ಸಂಜೆ ನೋಟ್‌ಬುಕ್ ತಿದ್ದುವಾಗ ಕಂಡಿತು, ನನ್ನ −6ರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ +6. ಅವಳಿಗೆ ಅರ್ಥವಾಗದೇ ಇರಲಿಲ್ಲ. "ನೀವು ತಪ್ಪು ಬರೆದಿದ್ದೀರಿ" ಅನ್ನುವುದನ್ನೇ ಅವಳು ಆ ರೀತಿ ಹೇಳಿದ್ದಳು. ನನಗೆ ಕೇಳಿಸಲಿಲ್ಲ, ಅಷ್ಟೇ.

ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವ ಇಂಥ ದೂರಕ್ಕೆ ಪವರ್ ಡಿಸ್ಟೆನ್ಸ್ ಅನ್ನುತ್ತಾರೆ, ಅಧಿಕಾರದ ಅಂತರ. ನೀನಿರುವ ದೇಶದವರೇ ಆದ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ನೌಕರರಿಂದ ತುಂಬಿಸಿಕೊಂಡಿದ್ದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ಇದನ್ನು ಲೆಕ್ಕ ಹಾಕಿದರು. ಮೇಲಧಿಕಾರಿಯ ಮಾತನ್ನು ಒಪ್ಪದಿದ್ದರೂ ಹಾಗೆ ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ ಅನ್ನುವುದು ಅದರಲ್ಲಿದ್ದ ಒಂದು ಮುಖ್ಯ ಪ್ರಶ್ನೆ. ಅಂಕ ಹೆಚ್ಚಿದ್ದಷ್ಟೂ ಅಂತರ ಜಾಸ್ತಿ: ಮಲೇಷ್ಯಾಕ್ಕೆ 104 ಅಂಕ ಬಂತು, ನೆದರ್‌ಲ್ಯಾಂಡ್ಸಿಗೆ 38. 1986ರಲ್ಲಿ ಅವರು ಇದನ್ನೇ ತರಗತಿಗೆ ತಂದರು. ಅಂತರ ಜಾಸ್ತಿ ಇರುವ ಕಡೆ ಮಾತು ಶುರು ಮಾಡಬೇಕಾದವರು ಗುರುಗಳು, ವಿದ್ಯಾರ್ಥಿ ಕರೆದಾಗ ಮಾತಾಡುತ್ತಾನೆ. ಕಡಿಮೆ ಇರುವ ಕಡೆ ಅವನೇ ನಡುವೆ ಬಾಯಿ ಹಾಕಬಹುದು, ಅದು ಅವಮಾನವಲ್ಲ.

ಆದರೆ ಈ ಅಂಕಗಳನ್ನು ಯಾವ ಹುಡುಗನ ಹಣೆಗೂ ಅಂಟಿಸಬೇಡ. ಅವು ಒಂದೊಂದು ದೇಶದ ಸರಾಸರಿ, ಅದೂ ಒಂದು ಕಂಪನಿಯ ನೌಕರರಿಂದ ಬಂದದ್ದು. ನಿನ್ನ ಮಲೇಷ್ಯಾದ ಹುಡುಗಿ ಎಲ್ಲರಿಗಿಂತ ಜಾಸ್ತಿ ವಾದ ಮಾಡುವವಳೂ ಆಗಿರಬಹುದು.

ಸುಮ್ಮನಿರುವುದಕ್ಕೆ ಕಾರಣ ಭಾಷೆಯೋ, ಈ ಅಂತರವೋ ಅಂತ ತಿಳಿಯಬೇಕಾದರೆ ಅವರು ಪಕ್ಕದವರ ಜೊತೆ ಮಾತಾಡುವಾಗ ಕೇಳಿಸಿಕೋ. ಅಲ್ಲಿ ಅದೇ ಇಂಗ್ಲಿಷಿನಲ್ಲಿ ಸರಾಗವಾಗಿ ಲೆಕ್ಕ ವಿವರಿಸುತ್ತಿದ್ದರೆ ತೊಡಕು ಭಾಷೆಯದಲ್ಲ. ಅವರ ಮೇಲ್‌ಗಳನ್ನೂ ನೋಡು. ಹೆಸರು ಹಿಡಿದು ಕರೆಯಿರಿ ಅಂತ ನೀನು ಹೇಳಿದ ಮೇಲೆ, ನಿನ್ನನ್ನು ಏನೂ ಕರೆಯದೆ ನೇರ ವಿಷಯಕ್ಕೆ ಬರುವವರು ಇರುತ್ತಾರೆ. ಅದು ಒರಟುತನ ಅಲ್ಲ. ಹೆಸರು ಬಾಯಿಗೆ ಬರುವುದಿಲ್ಲ, ಮೇಡಂ ಅನ್ನಬೇಡಿ ಅಂತ ನೀನೇ ಹೇಳಿದ್ದೀಯ, ಪಾಪ ಇನ್ನೇನು ಮಾಡುತ್ತಾರೆ?

"ಅರ್ಥ ಆಯ್ತಾ?" ಅಂತ ಕೇಳುವುದನ್ನು ಮೊದಲು ಬಿಡು. ಇಲ್ಲ ಅಂದರೆ ನಿನ್ನ ಪಾಠ ಸರಿಯಿಲ್ಲ ಅಂದ ಹಾಗೆ ಆಗುತ್ತದಲ್ವಾ, ಹಾಗಾಗಿ ಹೌದು ಅನ್ನುತ್ತಾರೆ. ಅದರ ಬದಲು ಇಬ್ಬಿಬ್ಬರಿಗೆ ಎರಡು ನಿಮಿಷ ಕೊಡು, ಆಮೇಲೆ "ನಿಮ್ಮಿಬ್ಬರಿಗೆ ಏನು ಬಂತು?" ಅಂತ ಕೇಳು. ಉತ್ತರ ತಪ್ಪಾದರೂ ಒಬ್ಬರ ತಲೆಯ ಮೇಲೆ ಬರುವುದಿಲ್ಲ. ಕೇಳಿದ ಮೇಲೆ ಸ್ವಲ್ಪ ಕಾಯಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ಗಮನಿಸಿದಂತೆ, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ಕರೆಯಲಿ ಅಂತ ಕಾಯುವವರಿಗೆ ಆ ಮೂರು ಸೆಕೆಂಡು ಬೇಕೇ ಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇನ್ನೊಂದು. ಪೆನ್ಸಿಲಿನ ಆ +6 ನೋಡಿದ ಮೇಲೆ ಪಾಠ ಶುರು ಮಾಡುವಾಗಲೇ ಹೇಳತೊಡಗಿದೆ: "ಇವತ್ತು ಬೋರ್ಡಿನ ಮೇಲೆ ಒಂದು ತಪ್ಪು ಇರುತ್ತದೆ. ಹುಡುಕಿ, ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ." ಆಗ ತಪ್ಪು ತೋರಿಸುವುದು ಎದುರು ಮಾತಾಡಿದ ಹಾಗಲ್ಲ, ಟೀಚರ್ ಹೇಳಿದ ಕೆಲಸ ಮಾಡಿದ ಹಾಗೆ. ಮೊದಲ ದಿನವೇ ಚೀಟಿಗಳು ರಾಶಿ ಬಿದ್ದವು. ನಾನು ಬೇಕಂತಲೇ ಇಟ್ಟಿದ್ದ ತಪ್ಪಲ್ಲದೆ, ಗೊತ್ತಿಲ್ಲದೆ ಮಾಡಿದ್ದ ಇನ್ನೊಂದು ತಪ್ಪನ್ನೂ ಮೂವರು ಹಿಡಿದಿದ್ದರು.

ಮಾತಾಡಿದವರಿಗೆ ಅಂಕ ಅನ್ನುವ ನಿಯಮ ನಿಮ್ಮಲ್ಲಿದ್ದರೆ, ಈ ಚೀಟಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ ಅಂತ ಮೇಲಿನವರನ್ನು ಕೇಳು. ಹಾಗಾದರೆ ಮಾತ್ರ ಅವುಗಳ ಮೇಲೆ ಹೆಸರು ಬರೆಸು. ಮುಂದಿನ ವಾರ ಏನೇನು ಬಂತು ಅಂತ ನನಗೂ ಬರೆ.

ನಿನ್ನ
ದೊಡ್ಡಮ್ಮ