ಕುರ್ಚಿ ತೆಗೆದದ್ದು ಯಾಕೆ, ಕೂದಲಿಗೆ ಇಷ್ಟು ದರ ಯಾಕೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಅಕ್ಕಂದಿರೇ, ತಾಯಂದಿರೇ,

ಥ್ರೆಡಿಂಗ್ ಕುರ್ಚಿ ಒಂದನ್ನು ತೆಗೆದು ಆ ಮೂಲೆಗೆ ಪರದೆ ಕಟ್ಟಿದ್ದರಿಂದ ಶನಿವಾರ ಸಂಜೆ ನೀವು ಹೊರಗೆ ನಿಂತು ಕಾಯಬೇಕಾಗಿದೆ. ಅದಕ್ಕೆ ಕ್ಷಮೆ ಇರಲಿ. ಪರದೆಯ ಹಿಂದೆ ಈಗ ವಿಗ್ ಮತ್ತು ಹೇರ್ ಎಕ್ಸ್‌ಟೆನ್ಶನ್‌ಗೆ ಅಳತೆ ತೆಗೆಯುತ್ತೇವೆ, ಕೂರಿಸಿಕೊಡುತ್ತೇವೆ. ಕೂದಲು ಉದುರಿದ ತಲೆಯನ್ನು ನಾಲ್ಕು ಜನರ ಮುಂದೆ ತೋರಿಸಲು ಯಾರಿಗೂ ಮನಸ್ಸಾಗುವುದಿಲ್ಲ, ಹಾಗಾಗಿ ಆ ಮೂಲೆ ಬೇಕೇ ಬೇಕಿತ್ತು. ನೈಲಾನ್ ಚೌರಿ ಮೊದಲಿನಂತೆಯೇ ಸಿಗುತ್ತದೆ, ದರವೂ ಅದೇ.

ಇನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಮಾತಿಗೆ ಬರುತ್ತೇನೆ. "ತಿರುಪತಿಯೊಳಗ ಮಂದಿ ಪುಕ್ಕಟೆ ಮುಡಿ ಕೊಡ್ತಾರ, ನೀವು ಏಳೂವರೆ ಸಾವಿರ ಹೆಂಗ ತಗೋತೀರಿ?" ಮುಡಿ ಕೊಡುವವರು ದೇವರಿಗೆ ಕೊಡುತ್ತಾರೆ, ವ್ಯಾಪಾರಿಗೆ ಅದು ಪುಕ್ಕಟೆ ಬರುವುದಿಲ್ಲ. ದೇವಸ್ಥಾನ ಅದನ್ನು ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕುತ್ತದೆ. ನಮ್ಮಂಥ ಸಣ್ಣವರ ಕೈಗೆ ಬರುವಷ್ಟರಲ್ಲಿ ಅದು ಎರಡು ಮೂರು ಕೈ ದಾಟಿರುತ್ತದೆ. ಹದಿನೆಂಟು ಇಂಚಿನ ಕಚ್ಚಾ ಕೂದಲು ನಮಗೆ ಕೆಜಿಗೆ 28,000 ರೂಪಾಯಿ ಬೀಳುತ್ತಿದೆ. ಏಳೂವರೆ ಸಾವಿರದ 100 ಗ್ರಾಂನ ಒಂದು ಎಕ್ಸ್‌ಟೆನ್ಶನ್ ಸೆಟ್ ಆಗಲು 140 ಗ್ರಾಂ ಕೊಳ್ಳಬೇಕು, ಏಕೆಂದರೆ ಬಾಚಿದಾಗ ಗಿಡ್ಡ ಎಳೆಗಳು, ತೊಳೆದಾಗ ಧೂಳು ಹೋಗುತ್ತದೆ. ಅಲ್ಲಿಗೆ 3,920. ತೊಳೆದು, ವಿಂಗಡಿಸಿ, ಪಟ್ಟಿಯಾಗಿ ಹೊಲಿಯುವ ಕೂಲಿ 1,400. ಕ್ಲಿಪ್ಪು, ಸಾಗಣೆ 280. ಒಟ್ಟು 5,600. ಉಳಿದ 1,900ರಲ್ಲಿ ನಿಮ್ಮ ಕೂದಲಿಗೆ ಹೊಂದುವಂತೆ ಕತ್ತರಿಸಿ ಕೂರಿಸುವ ಎರಡು ಗಂಟೆಯ ಕೆಲಸ, ಮೊದಲ ಎರಡು ತೊಳೆತ, ಅಂಗಡಿ ಬಾಡಿಗೆ ಎಲ್ಲವೂ ಇದೆ. ಇದನ್ನು ಲೂಟಿ ಎಂದಾಗ ನಿಜವಾಗಿಯೂ ನೋವಾಗುತ್ತದೆ.

ಅರ್ಧ ಬೆಲೆಯ ಕೂದಲೂ ಸಿಗುತ್ತದೆ, ಸುಳ್ಳಲ್ಲ. ಬಾಚಣಿಕೆಗೆ ಬಂದ ಉಂಡೆಗಳನ್ನು ಬೀದಿಯಲ್ಲಿ ಪಾತ್ರೆ ಕೊಟ್ಟು ಒಯ್ಯುತ್ತಾರಲ್ಲ, ಆ ಕೂದಲು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಹೆಣ್ಣುಮಕ್ಕಳು ಎಳೆ ಎಳೆಯಾಗಿ ಅದನ್ನು ಬಿಡಿಸುವುದನ್ನು ನೋಡಿ ಬಂದಿದ್ದೇನೆ. ಅವರ ಕೈಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಉಂಡೆಯಲ್ಲಿ ಬುಡ ತುದಿ ಬೆರೆತಿರುತ್ತವೆ. ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ದಿಕ್ಕು ಬೆರೆತರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಂಡು ಗಂಟಾಗುತ್ತದೆ. ಅದು ಕಾಣದಿರಲಿ ಎಂದು ಆಸಿಡ್‌ನಲ್ಲಿ ಪದರ ಕಿತ್ತು ಸಿಲಿಕೋನ್ ಬಳಿಯುವವರಿದ್ದಾರೆ. ಹೊಸದರಲ್ಲಿ ಫಳಫಳ ಹೊಳೆಯುತ್ತದೆ, ಕೆಲವು ತೊಳೆತದಲ್ಲಿ ಹೊಳಪು ಹೋಗಿ ಜಡೆಗಟ್ಟುತ್ತದೆ.

ನಮ್ಮ ಮೊದಲ ಲಾಟಿನಲ್ಲಿ ಆದದ್ದು ಇದೇ. "ಎಲ್ಲಾ ಒಂದೇ ದಿಕ್ಕಿನ ಕೂದಲು" ಎಂಬ ಮಾತು ನಂಬಿ ಕೊಂಡೆ, ಆರು ಜನರಿಗೆ ಮಾರಿದೆ. ಆರೂ ಜನರ ಹಣ ಪೂರ್ತಿ ವಾಪಸ್ ಕೊಟ್ಟಿದ್ದೇನೆ. ಈಗ ಕೊಳ್ಳುವ ಮೊದಲು ಒಂದು ಎಳೆಗೊಂಚಲನ್ನು ಕಂಡೀಷನರ್ ಇಲ್ಲದೆ ಐದು ಸಲ ತೊಳೆದು ಒಣಗಿಸುತ್ತೇವೆ. ಬೆರಳಲ್ಲಿ ಬುಡದಿಂದ ತುದಿಗೆ ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ಸ್ವಲ್ಪ ತಡೆ ಇರಬೇಕು. ನೀವೂ ಅಂಗಡಿಯಲ್ಲೇ ಹಾಗೆ ನೋಡಿ ಕೊಳ್ಳಿ.

ವಿಗ್ ವಿಷಯದಲ್ಲಿ ದುಬಾರಿಯದ್ದನ್ನೇ ದಾಟಿಸುತ್ತೇವೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಕಳೆದ ತಿಂಗಳು ಕೀಮೋ ಶುರುವಾಗುವ ಮುನ್ನ ನಿಮ್ಮಲ್ಲೇ ಒಬ್ಬರು ಬಂದರು. 18,000ದ ಮಾನವ ಕೂದಲಿನ ವಿಗ್ ಕೇಳಿದರು. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ, ಅಲ್ಲಿಯವರೆಗೆ 2,800ರ ಸಿಂಥೆಟಿಕ್ ಸಾಕು ಎಂದು ನಾನೇ ಹೇಳಿದೆ. ಕೂದಲು ಇರುವಾಗಲೇ ಬಂದದ್ದು ಒಳ್ಳೆಯದಾಯಿತು, ಬಣ್ಣ, ಬೈತಲೆ ಹೊಂದಿಸಿದೆವು. ಕೂದಲು ಉದುರಿದಂತೆ ತಲೆಯ ಸುತ್ತಳತೆ ಕಡಿಮೆಯಾಗುತ್ತದೆ, ಹಾಗಾಗಿ ಹಿಂದೆ ಬಿಗಿ ಮಾಡುವ ಪಟ್ಟಿ ಇರುವ ಟೊಪ್ಪಿಯನ್ನೇ ಆರಿಸಿದೆವು. ಆ ಸಮಯದಲ್ಲಿ ತಲೆಯ ಚರ್ಮ ಸೂಕ್ಷ್ಮವಾಗಿರುವುದರಿಂದ ಗೋಂದು, ಟೇಪು ಹಾಕಲಿಲ್ಲ, ಒಳಗೆ ಹತ್ತಿಯ ಟೊಪ್ಪಿ ಕೊಟ್ಟೆವು. ಒಂದು ಮಾತು ಹೇಳಲು ಮರೆತೆ: ಸಿಂಥೆಟಿಕ್‌ಗೆ ಬಿಸಿ ಆಗದು. ಕುಕ್ಕರ್ ಮುಚ್ಚಳ ತೆಗೆದಾಗ ಹಬೆ ತಾಗಿ ಅವರ ಮುಂಗುರುಳು ಸುರುಟಿತು. ಬೇರೆ ವಿಗ್ ಕೊಟ್ಟೆವು. ಇಂಥ ಚಿಕಿತ್ಸೆಯಲ್ಲಿರುವವರಿಗೆ ಕೂರಿಸುವ ಕೂಲಿ ತೆಗೆದುಕೊಳ್ಳುವುದಿಲ್ಲ.

ಟೇಪ್ ಎಕ್ಸ್‌ಟೆನ್ಶನ್ ಹಾಕಿಸಿಕೊಂಡವರು ಬುಡಕ್ಕೆ ಎಣ್ಣೆ ಹಚ್ಚಬೇಡಿ, ಟೇಪು ಜಾರುತ್ತದೆ. ಕೊಬ್ಬರಿ ಎಣ್ಣೆ ಬಿಡುವುದು ಕಷ್ಟವೆಂದು ಗೊತ್ತು. ಅಂಥವರು ಹಾಕಿ ತೆಗೆಯುವ ಕ್ಲಿಪ್ಪಿನದ್ದನ್ನೇ ಕೊಳ್ಳಿ. ಬೋರ್‌ವೆಲ್ ಗಡಸು ನೀರಿನಲ್ಲಿ ಎಕ್ಸ್‌ಟೆನ್ಶನ್ ಒರಟಾಗುತ್ತದೆ, ಕೊನೆಯ ಒಂದು ತಂಬಿಗೆ ಫಿಲ್ಟರ್ ನೀರಾಗಿರಲಿ. ನಿಮ್ಮ ಸ್ವಂತ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆದು ಟೇಪು ಕೆಳಗಿಳಿಯುತ್ತದೆ, ಆದ್ದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಮೇಲೆ ಕೂರಿಸಬೇಕು. ಅದಕ್ಕೆ 1,200 ರೂಪಾಯಿ.

ಮಲಗುವಾಗ ಬುಡ ಎಳೆದು ನೋವಾದರೆ, ಸಣ್ಣ ಗುಳ್ಳೆ ಎದ್ದರೆ, ಹಣೆಯಂಚಿನ ಎಳೆಗೂದಲು ತುಂಡಾಗುತ್ತಿದ್ದರೆ ಮುಂದಿನ ತಾರೀಕಿಗೆ ಕಾಯಬೇಡಿ. ಎಳೆತ ಮುಂದುವರಿದರೆ ನಿಮ್ಮದೇ ಕೂದಲು ಮತ್ತೆ ಬಾರದಂತೆ ಹೋಗಬಹುದು. ಅವತ್ತೇ ಬನ್ನಿ, ದುಡ್ಡಿಲ್ಲದೆ ತೆಗೆದುಕೊಡುತ್ತೇನೆ. ಅಂಗಡಿ ಮುಚ್ಚಿದ್ದರೆ ಹಿಂದಿನ ಬಾಗಿಲು ತಟ್ಟಿ, ಮನೆ ಅಲ್ಲೇ ಇದೆ.

ನಿಮ್ಮ ಅಂಗಡಿಯವಳು