ಒಂದೇ ಸಾಲವನ್ನು ಎರಡು ಸಲ ಎಣಿಸಿ ನಮ್ಮ ಅರ್ಜಿ ತಿರಸ್ಕರಿಸಿದ್ದೀರಿ

ಸಾಲ ವಿಭಾಗದ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಮ್ಮ 42 ರೂಮಿನ ಹೋಟೆಲ್‌ಗೆ ಕೇಳಿದ್ದ 500 ಲಕ್ಷದ ಸಾಲವನ್ನು ನೀವು ತಿರಸ್ಕರಿಸಿದ್ದೀರಿ. ಕಾರಣ ಒಂದೇ ಸಾಲಿನಲ್ಲಿದೆ: "ಡಿಎಸ್‌ಸಿಆರ್ 0.76, ಕನಿಷ್ಠ 1.30 ಬೇಕು." ಅಂದರೆ ಕಂತು ಕಟ್ಟಲು 100 ಬೇಕಾದ ಕಡೆ ನಮ್ಮ ಕೈಯಲ್ಲಿ 76 ಮಾತ್ರ ಇರುತ್ತದೆ ಅಂತ. ನನಗೆ ನಂಬಿಕೆ ಬರಲಿಲ್ಲ. ಲೆಕ್ಕದ ಹಾಳೆ ಕೇಳಿದೆ, ಮೂರು ಸಲ ಓಡಾಡಿಸಿ ಕೊನೆಗೆ ಕೊಟ್ಟರು. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಬಡ್ಡಿ ಕವರೇಜ್ ಲೆಕ್ಕ ಇದೆ. ವರ್ಷದ ವಹಿವಾಟು 600 ಲಕ್ಷ, ಖರ್ಚೆಲ್ಲ ಕಳೆದು ಉಳಿಯುವುದು 180, ಅದರಲ್ಲಿ ಸವಕಳಿ 50 ಕಳೆದರೆ 130. ಹೊಸ ಸಾಲದ ಮೊದಲ ವರ್ಷದ ಬಡ್ಡಿ 50. ಹಾಗಾಗಿ 2.6. ಸರಿಯಾಗಿದೆ, ನನ್ನ ತಕರಾರಿಲ್ಲ.

ಎರಡನೇ ಪುಟದಲ್ಲಿ ಡಿಎಸ್‌ಸಿಆರ್. ಇಲ್ಲಿ ಬಡ್ಡಿ ಜೊತೆ ಅಸಲಿನ ಕಂತನ್ನೂ ನೋಡುತ್ತಾರೆ, ಹಾಗಾಗಿ ಸವಕಳಿ ಕಳೆಯುವುದಿಲ್ಲ. ಅದು ಪುಸ್ತಕದ ಖರ್ಚು, ಗಲ್ಲಾಪೆಟ್ಟಿಗೆಯಿಂದ ದುಡ್ಡು ಹೋಗುವುದಿಲ್ಲವಲ್ಲ. ಅದರ ಬದಲು ಹಾಸಿಗೆ, ಎಸಿ, ಪೀಠೋಪಕರಣ ಬದಲಿಸಲು ಅಂತ ವಹಿವಾಟಿನ 4%, ಅಂದರೆ 24 ಲಕ್ಷ ತೆಗೆದಿಟ್ಟಿದ್ದೀರಿ. ಕೆಲವರು ಇದಕ್ಕೂ ಜಗಳ ಆಡುತ್ತಾರೆ, ನಾನು ಆಡಲ್ಲ. ಹೋಟೆಲ್ ನಡೆಸುವವನಿಗೆ ಗೊತ್ತು, ಹರಿದ ಕಾರ್ಪೆಟ್ ಮೇಲೆ ಯಾರೂ ಎರಡನೇ ಸಲ ಕಾಲಿಡುವುದಿಲ್ಲ. ತೆರಿಗೆ 20 ಕಳೆದರೆ ಕೈಗೆ 136 ಲಕ್ಷ. ಇಲ್ಲಿವರೆಗೂ ಎಲ್ಲ ಸರಿ.

ತಪ್ಪಾಗಿರುವುದು ಇದರ ಕೆಳಗೆ. ವರ್ಷಕ್ಕೆ ಕಟ್ಟಬೇಕಾದ್ದು ಅಂತ 180 ಬರೆದಿದ್ದೀರಿ. ಹೊಸ ಸಾಲಕ್ಕೆ ಬಡ್ಡಿ 50, ಹತ್ತು ವರ್ಷದ ಲೆಕ್ಕದಲ್ಲಿ ಅಸಲು 50, ಒಟ್ಟು 100. ಅದರ ಜೊತೆಗೆ "ಹಾಲಿ ಸಾಲ" ಅಂತ ಇನ್ನೊಂದು 80: ಬಡ್ಡಿ 30, ಅಸಲು 50. ಆದರೆ ಆ ಹಾಲಿ ಸಾಲ ತೀರಿಸೋಕೇ ಅಲ್ವಾ ನಾವು ನಿಮ್ಮ ಹತ್ತಿರ ಬಂದಿದ್ದು! 500 ಲಕ್ಷದಲ್ಲಿ 300 ನೇರವಾಗಿ ಹಳೆ ಬ್ಯಾಂಕಿಗೆ ಹೋಗುತ್ತದೆ, ಉಳಿದ 200 ರೂಮುಗಳ ದುರಸ್ತಿಗೆ. ಅರ್ಜಿಯಲ್ಲೇ ಬರೆದಿದೆ, ಹಳೆ ಬ್ಯಾಂಕಿನ ಬಾಕಿ ಪತ್ರವನ್ನೂ ಲಗತ್ತಿಸಿದ್ದೆ. ಹೊಸ ಸಾಲ ಕೈಗೆ ಬಂದ ದಿನವೇ ಹಳೆಯದು ಮುಗಿಯುತ್ತದೆ. ಅದರ ಕಂತು ಆಮೇಲೆ ಯಾರು ಕಟ್ಟುತ್ತಾರೆ?

ಹೀಗಾಗಿರುವುದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಮೊದಲ ಪುಟದಲ್ಲಿ ಬಡ್ಡಿ 50, ಎರಡನೇ ಪುಟದಲ್ಲಿ ಬಡ್ಡಿ 80. ಒಂದೇ ಹೋಟೆಲ್, ಒಂದೇ ವರ್ಷ. ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಫೋನಿನಲ್ಲಿ ಕೇಳಿದಾಗ ನಿಮ್ಮವರು "ಹಳೆ ಸಾಲ ಕ್ರೆಡಿಟ್ ರಿಪೋರ್ಟ್‌ನಲ್ಲಿದೆ ಸರ್, ಸಿಸ್ಟಮ್ ತಾನೇ ಎತ್ಕೊಳ್ಳುತ್ತೆ" ಅಂದರು. ಎತ್ಕೊಳ್ಳಲಿ, ಆದರೆ ತೀರಿಸುವ ಸಾಲವನ್ನು ತೆಗೆದುಹಾಕುವುದು ಮನುಷ್ಯರ ಕೆಲಸ ತಾನೇ?

ಆ 80 ತೆಗೆದರೆ 136ಕ್ಕೆ 100. ಡಿಎಸ್‌ಸಿಆರ್ 1.36, ನಿಮ್ಮದೇ ಮಿತಿಗಿಂತ ಮೇಲೆ. ಅದೂ ಮೊದಲ ವರ್ಷದ ಲೆಕ್ಕ. ಅಸಲು ಸಮವಾಗಿ ತೀರುವುದರಿಂದ ಎರಡನೇ ವರ್ಷ ಬಡ್ಡಿ 45ಕ್ಕೆ ಇಳಿಯುತ್ತದೆ, ಆಮೇಲೆ ಇನ್ನೂ ಇಳಿಯುತ್ತದೆ. ದುರಸ್ತಿಯಾದ ರೂಮುಗಳಿಂದ ಬರುವ ಜಾಸ್ತಿ ಆದಾಯವನ್ನು ನಾನು ಸೇರಿಸಿಯೇ ಇಲ್ಲ.

1.36 ತುಂಬಾ ಆರಾಮದ ಅಂಕಿಯಲ್ಲ, ಒಪ್ಪುತ್ತೇನೆ. ಹೋಟೆಲ್‌ನಲ್ಲಿ ಬಾಡಿಗೆ ಕರಾರು ಇರುವುದಿಲ್ಲ, ಇವತ್ತು ಖಾಲಿ ಉಳಿದ ರೂಮನ್ನು ನಾಳೆ ಮಾರಲಾಗದು. ನಮ್ಮಲ್ಲಿ ವಹಿವಾಟು 10% ಕುಸಿದರೆ ಸಂಬಳ, ಕರೆಂಟು ಅಷ್ಟೇ ಇರುವುದರಿಂದ 180ರಲ್ಲಿ ಸುಮಾರು 36 ಹೋಗುತ್ತದೆ. ತೆರಿಗೆ, ಮೀಸಲು ಎರಡೂ ಸ್ವಲ್ಪ ತಗ್ಗಿ ಅನುಪಾತ 1.11ಕ್ಕೆ ಬರುತ್ತದೆ. ಕಂತು ಆಗಲೂ ಕಟ್ಟಬಹುದು, ನಿಮ್ಮ ಮಿತಿಗಿಂತ ಮಾತ್ರ ಕೆಳಗೆ. ಆ ಭಯಕ್ಕೆ ಮೂರು ತಿಂಗಳ ಕಂತಿನಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ ಅಂದರೆ ಇಡುತ್ತೇನೆ. ಸೀಸನ್‌ನಲ್ಲಿ ದೊಡ್ಡ ಕಂತು, ಖಾಲಿ ತಿಂಗಳಲ್ಲಿ ಸಣ್ಣದು ಅಂದರೂ ಸರಿ.

ಹಾಲಿ ಸಾಲದ ಸಾಲು ತೆಗೆದು ಹಾಳೆಯನ್ನು ಮತ್ತೆ ಮಾಡಿಸಿ, ಸಹಿ ಹಾಕಿ ಕಳಿಸಿ. ಹೊಸ ಅರ್ಜಿ ಹಾಕಿ ಅಂತ ಮಾತ್ರ ಹೇಳಬೇಡಿ. ತಪ್ಪು ನಿಮ್ಮದು, ಪ್ರೊಸೆಸಿಂಗ್ ಶುಲ್ಕ ಎರಡನೇ ಸಲ ನಾನು ಕಟ್ಟುವುದಿಲ್ಲ. ಹಳೆ ಬ್ಯಾಂಕಿನ ಬಾಕಿ ಪತ್ರದ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅದರೊಳಗೆ ಉತ್ತರ ಬೇಕು.

ಇಂತಿ,
ಹೋಟೆಲ್ ಮಾಲೀಕ