ಮಾರ್ಚ್ 31ರೊಳಗೆ ಐನೂರು ರೂಪಾಯಿ

ಬಳ್ಳಾರಿ
10 ಮಾರ್ಚ್ 2025

ಚಿ. ಬಸವರಾಜನಿಗೆ ಸೋದರಮಾವನ ಆಶೀರ್ವಾದಗಳು.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಹೇಳಿದರೆ ಅಂಕಿ ನಿನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಿಂಗಳಿಗೆ ಐದು ಸಾವಿರ ತೆಗೆದಿಡಬಲ್ಲೆ ಅಂದಿ. ಹುಡುಗನಿಗೆ ಈಗ ಮೂರು ವರ್ಷ, 2040ರ ಜೂನ್ ಹೊತ್ತಿಗೆ ಪಿಯುಸಿ ಮುಗಿಸಿ ಕಾಲೇಜು ಸೇರುತ್ತಾನೆ. ಅಷ್ಟು ದಿನ ಆರ್‌ಡಿ ಕಟ್ಟಬೇಕೋ, ಪಿಪಿಎಫ್ ಕಟ್ಟಬೇಕೋ ಎಂಬುದು ನಿನ್ನ ಪ್ರಶ್ನೆ. ಹೆಣ್ಣುಮಗುವಾಗಿದ್ದರೆ ಸುಕನ್ಯಾ ಸಮೃದ್ಧಿಯಿಂದಲೇ ಮಾತು ಶುರು ಮಾಡುತ್ತಿದ್ದೆ, ಈಗ ಅದು ಬೇಡ.

ಎಲ್ಲಕ್ಕಿಂತ ಮೊದಲು ತಾರೀಖಿನ ವಿಷಯ, ಯಾಕಂದರೆ ಅದಕ್ಕೆ ಇನ್ನು ಮೂರೇ ವಾರ ಉಳಿದಿದೆ. ಪಿಪಿಎಫ್‌ಗೆ ಹದಿನೈದು ವರ್ಷ ಅನ್ನುತ್ತಾರಲ್ಲ, ಅದನ್ನು ಖಾತೆ ತೆರೆದ ದಿನದಿಂದ ಎಣಿಸುವುದಿಲ್ಲ. ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ ಪೂರ್ತಿ ಹದಿನೈದು ವರ್ಷ ಆಗಬೇಕು. ಈ ಮಾರ್ಚ್ 31ರೊಳಗೆ ತೆರೆದರೆ 2040ರ ಏಪ್ರಿಲ್ ಒಂದಕ್ಕೆ ಹಣ ನಿನ್ನ ಕೈಗೆ ಬರುತ್ತದೆ, ಅಡ್ಮಿಷನ್ನಿಗೆ ಎರಡು ತಿಂಗಳು ಮುಂಚೆ. ಸಂಬಳ ಬಂದಮೇಲೆ ನೋಡೋಣ ಎಂದು ಏಪ್ರಿಲ್ ಎರಡಕ್ಕೆ ತೆರೆದೆಯೋ, 2041ರ ಏಪ್ರಿಲ್‌ವರೆಗೆ ಕಾಯಬೇಕು. ಎರಡು ದಿನದ ಸೋಮಾರಿತನಕ್ಕೆ ಒಂದು ವರ್ಷ ಹೋಗುತ್ತದೆ, ಮೊದಲ ವರ್ಷದ ಫೀಸಿಗೆ ಬೇರೆ ಕಡೆ ಕೈಚಾಚಬೇಕಾಗುತ್ತದೆ. ಖಾತೆ ತೆರೆಯಲು ಐನೂರು ರೂಪಾಯಿ ಸಾಕು. ಗಂಗಾವತಿಯ ಅಂಚೆ ಕಚೇರಿಗೋ ನಿನ್ನ ಬ್ಯಾಂಕಿಗೋ ಆಧಾರ್, ಪ್ಯಾನ್, ಎರಡು ಫೋಟೋ ತೆಗೆದುಕೊಂಡು ಈ ವಾರವೇ ಹೋಗು. ಐದು ಸಾವಿರದ ಕಂತು ಏಪ್ರಿಲ್‌ನಿಂದ ಶುರುವಾಗಲಿ.

ಖಾತೆ ನಿನ್ನ ಹೆಸರಿನಲ್ಲಿರಲಿ, ನಾಮಿನಿ ನಿನ್ನ ಹೆಂಡತಿ. ಮಗನ ಹೆಸರಿನಲ್ಲಿ ಮಾಡಿದರೆ ಹದಿನೆಂಟು ತುಂಬಿದ ಮೇಲೆ ಖಾತೆ ಅವನದಾಗುತ್ತದೆ, ಸಹಿಯೂ ಅವನದೇ ಬೇಕಾಗುತ್ತದೆ. ಅದೂ ಸರಿಯಾಗಿ ಸೀಟು ಸಿಗುವ ಹೊತ್ತಿನಲ್ಲಿ ಆ ಕಾಗದಪತ್ರದ ಓಡಾಟ ಯಾಕೆ? ಅವನ ಹೆಸರಿನಲ್ಲಿ ಇನ್ನೊಂದು ಖಾತೆ ಮಾಡಿದರೆ ಹೆಚ್ಚು ಕಟ್ಟಬಹುದು ಅಂತಲೂ ಇಲ್ಲ. ನಿನ್ನದು, ನೀನು ನಡೆಸುವ ಮಗನದು ಎರಡೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷವೇ ಮಿತಿ.

ಇನ್ನು ಬಡ್ಡಿ. ಪಿಪಿಎಫ್‌ಗೆ 2020ರ ಏಪ್ರಿಲ್‌ನಿಂದ ಶೇ 7.1 ಇದೆ, ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಈಗ ಶೇ 6.7. ತಿಂಗಳಿಗೆ ಐದು ಸಾವಿರದಂತೆ ಹದಿನೈದು ವರ್ಷ, ಒಟ್ಟು ಒಂಬತ್ತು ಲಕ್ಷ ಕಟ್ಟುತ್ತೀ. ಇದೇ ದರ ಉಳಿದರೆ ಪಿಪಿಎಫ್‌ನಲ್ಲಿ ಸುಮಾರು 15.78 ಲಕ್ಷ ಆಗುತ್ತದೆ. ಆರ್‌ಡಿ ಐದು ವರ್ಷಕ್ಕೆ 3.57 ಲಕ್ಷ ಆಗುತ್ತದೆ. ಬಂದದ್ದನ್ನು ಪೈಸೆ ಬಿಡದೆ ಅದೇ ದರದಲ್ಲಿ ಮತ್ತೆ ಠೇವಣಿ ಇಟ್ಟು, ಹೊಸ ಆರ್‌ಡಿಯನ್ನೂ ಕಟ್ಟುತ್ತ ಹೋದರೆ ಕೊನೆಗೆ ಸುಮಾರು 15.48 ಲಕ್ಷ. ವ್ಯತ್ಯಾಸ ಮೂವತ್ತು ಸಾವಿರ, ಅಷ್ಟೇ. ಬಡ್ಡಿ ದರ ನೋಡಿಯೇ ಪಿಪಿಎಫ್ ದೊಡ್ಡದು ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ದೊಡ್ಡ ವ್ಯತ್ಯಾಸ ಇರುವುದು ಬೇರೆ ಕಡೆ. ಪಿಪಿಎಫ್ ಬಡ್ಡಿಗೆ ಆದಾಯ ತೆರಿಗೆ ಇಲ್ಲ, ಆರ್‌ಡಿ ಬಡ್ಡಿ ನಿನ್ನ ಆದಾಯಕ್ಕೆ ಸೇರುತ್ತದೆ. ನೀನು ಶೇ 20ರ ಸ್ಲ್ಯಾಬಿನಲ್ಲಿದ್ದು ಆ ತೆರಿಗೆಯನ್ನು ಬಡ್ಡಿಯಿಂದಲೇ ಕಟ್ಟಿದರೆ, ಆರ್‌ಡಿಯ 15.48 ಲಕ್ಷ ಸುಮಾರು 13.8ಕ್ಕೆ ಇಳಿಯುತ್ತದೆ. ಎರಡು ಲಕ್ಷ ಅಂದರೆ ಹಾಸ್ಟೆಲ್ ಖರ್ಚಿನ ದುಡ್ಡು. ಈ ಬಜೆಟ್ಟಿನಲ್ಲಿ ಹೊಸ ಪದ್ಧತಿಯವರಿಗೆ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಂದಿದ್ದಾರೆ, ಹಾಗಾಗಿ ಇವತ್ತಿಗೆ ನಿನಗೆ ತೆರಿಗೆ ಬೀಳದೆಯೂ ಇರಬಹುದು. ಆದರೆ ಹದಿನೈದು ವರ್ಷ ನಿನ್ನ ಸಂಬಳ ಇಷ್ಟೇ ಇರುತ್ತದೆಯೇ?

ತೆರಿಗೆಗಿಂತಲೂ ನನಗೆ ಅಂಜಿಕೆ ಆರ್‌ಡಿ ಮುಗಿಯುವ ದಿನದ್ದು. 2030ರಲ್ಲಿ ಒಮ್ಮೆ, 2035ರಲ್ಲಿ ಒಮ್ಮೆ ಮೂರೂವರೆ ಲಕ್ಷ ಕೈಗೆ ಬರುತ್ತದೆ. ಅದೇ ಹೊತ್ತಿಗೆ ಯಾರೋ ಸೈಟಿನ ಮಾತು ತೆಗೆಯುತ್ತಾರೆ, ಮನೆಯಲ್ಲಿ ಕಾರಿನ ಮಾತು ಬರುತ್ತದೆ. ಪಿಪಿಎಫ್‌ನಲ್ಲಿ 2030ರ ಏಪ್ರಿಲ್‌ವರೆಗೆ ಹಣ ವಾಪಸ್ ತೆಗೆಯಲು ಬರುವುದಿಲ್ಲ. ಆಮೇಲೂ ವರ್ಷಕ್ಕೆ ಒಂದೇ ಸಲ, ಅದೂ ನಾಲ್ಕು ವರ್ಷ ಹಿಂದೆ ಖಾತೆಯಲ್ಲಿದ್ದ ಹಣ, ಹಿಂದಿನ ವರ್ಷದ ಕೊನೆಗೆ ಇದ್ದ ಹಣ ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಅರ್ಧದವರೆಗೆ ಮಾತ್ರ.

ನಿಮ್ಮ ಮನೆಗೆ ಇನ್ನೊಂದು ಅನುಕೂಲವೂ ಇದರಲ್ಲಿದೆ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷ ಭತ್ತದ ದುಡ್ಡು ಅರ್ಧಕ್ಕೆ ನಿಲ್ಲುತ್ತದೆ, ನಿನ್ನ ಸಂಬಳ ಮನೆಖರ್ಚಿಗೇ ಹೋಗುತ್ತದೆ. ಅಂಚೆ ಆರ್‌ಡಿಯಲ್ಲಿ ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ, ಐದು ಸಾವಿರಕ್ಕೆ ಐವತ್ತು. ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ, ಎರಡು ತಿಂಗಳೊಳಗೆ ಸರಿ ಮಾಡಿಸಬೇಕು. ಪಿಪಿಎಫ್‌ನಲ್ಲಿ ವರ್ಷಕ್ಕೆ ಐನೂರು ಕಟ್ಟಿದರೂ ಖಾತೆ ಜೀವಂತ. ಕಷ್ಟದ ವರ್ಷ ಅಷ್ಟೇ ಕಟ್ಟು, ಯಾರೂ ಕೇಳುವುದಿಲ್ಲ.

ಕಟ್ಟುವ ದಿನ ನೆನಪಿಡು. ತಿಂಗಳ ಐದನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಆರನೇ ತಾರೀಖು ಕಟ್ಟಿದ ಐದು ಸಾವಿರಕ್ಕೆ ಆ ತಿಂಗಳು ಏನೂ ಇಲ್ಲ, ನಷ್ಟ ಮೂವತ್ತು ರೂಪಾಯಿಯಷ್ಟು. ಅದಕ್ಕೆ ನಿದ್ದೆಗೆಡಬೇಡ, ಒಂದನೇ ತಾರೀಖಿಗೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡು. ನಿಜವಾದ ನಷ್ಟ ಮಾಡಿಕೊಳ್ಳುವವರು ವರ್ಷವಿಡೀ ಸುಮ್ಮನಿದ್ದು ಮಾರ್ಚ್ ಕೊನೆಗೆ ಓಡುವವರು. ಪ್ರತಿ ವರ್ಷ ಅರವತ್ತು ಸಾವಿರವನ್ನು ಏಪ್ರಿಲ್ ಐದರೊಳಗೆ ಒಟ್ಟಿಗೆ ಕಟ್ಟಿದರೆ ಕೊನೆಗೆ 16.27 ಲಕ್ಷ, ಅದನ್ನೇ ಮಾರ್ಚ್ ಕೊನೆಗೆ ಕಟ್ಟಿದರೆ 15.19. ಹಿಂಗಾರಿನ ಭತ್ತ ಮಾರಿದ ದುಡ್ಡು ಕೈಲಿದ್ದರೆ ಮುಂದಿನ ತಿಂಗಳುಗಳ ಕಂತು ಮೊದಲೇ ತುಂಬಿಬಿಡು. ವರ್ಷಪೂರ್ತಿ ಆರ್‌ಡಿಯಲ್ಲಿ ಕೂಡಿಸಿ ಏಪ್ರಿಲ್‌ನಲ್ಲಿ ಪಿಪಿಎಫ್‌ಗೆ ಹಾಕು ಎಂದು ನಿನ್ನ ಗೆಳೆಯ ಹೇಳಿದ್ದರಲ್ಲಿ ಹುರುಳಿಲ್ಲ, ನೇರವಾಗಿ ತಿಂಗಳು ತಿಂಗಳು ಕಟ್ಟಿದರೂ ಅಷ್ಟೇ ಆಗುತ್ತದೆ.

ದರ ಮಾತ್ರ ಹದಿನೈದು ವರ್ಷಕ್ಕೆ ಕಟ್ಟಿಟ್ಟದ್ದಲ್ಲ, ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ. ಇದೇ ಪಿಪಿಎಫ್‌ಗೆ 2000ದ ಆರಂಭದವರೆಗೆ ಶೇ 12 ಇತ್ತು. ಆರ್‌ಡಿಯಲ್ಲಿ ತೆರೆದ ದಿನದ ದರ ಐದು ವರ್ಷ ಅಲ್ಲಾಡುವುದಿಲ್ಲ, ಆ ಒಂದು ಗುಣ ಅದಕ್ಕಿದೆ. ಅದಕ್ಕೇ ಆರ್‌ಡಿಯನ್ನು ಪೂರ್ತಿ ಬಿಡು ಅನ್ನುವುದಿಲ್ಲ. 2033ರ ಜೂನ್ ಹೊತ್ತಿಗೆ ಸಂಬಳ ಏರಿದ್ದರೆ ಬೇರೆಯಾಗಿ ಎರಡು ಸಾವಿರದ ಆರ್‌ಡಿ ಶುರು ಮಾಡು. ಐದು ವರ್ಷಕ್ಕೆ, ಈಗಿನ ದರದಲ್ಲಿ, 1.43 ಲಕ್ಷ ಆಗಿ 2038ಕ್ಕೆ ಸರಿಯಾಗಿ ಬರುತ್ತದೆ. ಅದು ಪಿಯುಸಿ ಮತ್ತು ಕೋಚಿಂಗ್‌ಗೆ, ಆಗ ಪಿಪಿಎಫ್ ಮುಟ್ಟುವ ಪ್ರಸಂಗ ಬರುವುದಿಲ್ಲ.

ಇನ್ನು 2040ರಲ್ಲಿ ಅವಸರಕ್ಕೆ ಬಿದ್ದು ಖಾತೆ ಮುಚ್ಚಬೇಡ. ಫೀಸು ನಾಲ್ಕು ವರ್ಷ ಕಟ್ಟುವುದಿರುತ್ತದೆ. ಹೊಸದಾಗಿ ಏನೂ ಕಟ್ಟದೆ ಖಾತೆಯನ್ನು ಹಾಗೇ ಬಿಟ್ಟರೆ ಉಳಿದ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ, ಬೇಕಾದಷ್ಟು ತೆಗೆಯಲೂಬಹುದು. ಆದರೆ ಆರ್ಥಿಕ ವರ್ಷಕ್ಕೆ ಒಂದೇ ಸಲ. ಆದ್ದರಿಂದ ಪ್ರತಿ ಜೂನ್‌ನಲ್ಲಿ ಎರಡೂ ಸೆಮಿಸ್ಟರಿನ ಫೀಸು, ಹಾಸ್ಟೆಲ್, ಪುಸ್ತಕ ಎಲ್ಲ ಕೂಡಿಸಿ ಒಂದೇ ಅರ್ಜಿಯಲ್ಲಿ ತೆಗೆ. ಡಿಸೆಂಬರಿನಲ್ಲಿ ಹಾಸ್ಟೆಲ್ ಫೀಸು ನೆನಪಾದರೆ ಏಪ್ರಿಲ್‌ವರೆಗೆ ಕಾಯಬೇಕಾಗುತ್ತದೆ.

ಪಾಸ್‌ಬುಕ್ ಕೈಗೆ ಬಂದ ಕೂಡಲೇ ಮೊದಲ ಪುಟದಲ್ಲಿ ಖಾತೆ ತೆರೆದ ತಾರೀಖು ನೋಡು. ಮಾರ್ಚ್ 2025 ಅಂತ ಇರದಿದ್ದರೆ ಕೌಂಟರ್ ಬಿಟ್ಟು ಕದಲಬೇಡ. ಆ ಪುಟದ ಫೋಟೋ ನನಗೂ ಕಳಿಸು.

ನಿನ್ನ ಸೋದರಮಾವ